ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏಕೆ ಏರಲಿಲ್ಲ? ರಕ್ತಹೀನತೆ ಇರುವ ಗರ್ಭಿಣಿಯ ಪೋಷಣೆ ಅಳೆಯುವ ಕ್ರಮ

ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದರೆ ಎರಡು ಸಲಹೆ ತಪ್ಪದೆ ಸಿಗುತ್ತವೆ: ಸೊಪ್ಪು ಹೆಚ್ಚು ತಿನ್ನಿ, ಕಬ್ಬಿಣದ ಮಾತ್ರೆ ಬಿಡಬೇಡಿ. ಎರಡೂ ಸರಿಯೇ. ಆದರೆ ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿದಾಗ ಅಂಕಿ ಇದ್ದಲ್ಲೇ ಇದ್ದರೆ, ಏಕೆ ಹೀಗಾಯಿತು ಎಂದು ಹೇಳಲು ಆ ಎರಡು ಸಲಹೆಗಳಿಂದ ಏನೂ ಉಪಯೋಗವಿಲ್ಲ. ಉತ್ತರ ಸಿಗಬೇಕಾದರೆ ಮೊದಲ ಭೇಟಿಯಲ್ಲೇ ಸರಿಯಾದ ಪ್ರಶ್ನೆ ಕೇಳಿ, ಸರಿಯಾದ ವಿಷಯವನ್ನು ಬರೆದಿಟ್ಟಿರಬೇಕು. ಅದನ್ನು ಹೇಗೆ ಮಾಡುವುದು ಎಂದು ಒಂದು ಉದಾಹರಣೆಯ ಮೂಲಕ ನೋಡೋಣ.

26 ವರ್ಷದ ಮಹಿಳೆ, ಮೊದಲ ಬಸಿರು, ಈಗ 22 ವಾರ. ಎತ್ತರ 155 ಸೆಂಟಿಮೀಟರ್. ಬಸಿರಿಗೆ ಮುಂಚೆ ತೂಕ 47 ಕಿಲೋ, ಈಗ 50. ಎಡ ತೋಳಿನ ನಡುಭಾಗದ ಸುತ್ತಳತೆ 22.5 ಸೆಂಟಿಮೀಟರ್. ಹಿಮೋಗ್ಲೋಬಿನ್ ಡೆಸಿಲೀಟರಿಗೆ 9.2 ಗ್ರಾಂ. ಬೇಗ ಸುಸ್ತಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕುಳಿತಿದ್ದಾಗ ಏನೂ ತೊಂದರೆ ಇಲ್ಲ.

ಅಂಕಿಯನ್ನು ಮೊದಲು ಓದಿಕೊಳ್ಳುವುದು

ಬಸಿರಿನಲ್ಲಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಕೆಂಪು ಕಣಗಳಿಗಿಂತ ಬೇಗ ಹೆಚ್ಚುತ್ತದೆ. ಹಾಗಾಗಿ ಆರೋಗ್ಯವಂತ ಗರ್ಭಿಣಿಯಲ್ಲೂ ರಕ್ತ ಸ್ವಲ್ಪ ತೆಳುವಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮೊದಲ ಮತ್ತು ಕೊನೆಯ ಮೂರು ತಿಂಗಳಿಗೆ 11, ನಡುವಿನ ಮೂರು ತಿಂಗಳಿಗೆ 10.5 ಎಂಬ ಗೆರೆ ಹಾಕಿದೆ. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಮ್ಮ ಉದಾಹರಣೆಯ 9.2 ಮಧ್ಯಮ ಹಂತದ್ದು. ಬರೀ ರಕ್ತ ತೆಳುವಾದದ್ದರಿಂದ ಇಷ್ಟು ಇಳಿಯುವುದಿಲ್ಲ.

ರಕ್ತಹೀನತೆ ಇದೆ ಎಂದ ಮಾತ್ರಕ್ಕೆ ಕಬ್ಬಿಣಾಂಶದ ಕೊರತೆಯೇ ಕಾರಣ ಎಂದಾಗುವುದಿಲ್ಲ. ಪೂರ್ಣ ರಕ್ತಕಣ ಎಣಿಕೆಯ ವರದಿಯಲ್ಲಿ ಎಂಸಿವಿ ಎಂಬ ಸಾಲು ಇರುತ್ತದೆ, ಅದು ಕೆಂಪು ಕಣದ ಸರಾಸರಿ ಗಾತ್ರ. ಇವರದ್ದು 74, ಇರಬೇಕಾದ್ದು 80ಕ್ಕಿಂತ ಮೇಲೆ. ಕಣ ಚಿಕ್ಕದಾಗಿದೆ ಎಂದರೆ ಸಾಮಾನ್ಯವಾಗಿ ಎರಡು ಅನುಮಾನ ಬರುತ್ತವೆ: ಕಬ್ಬಿಣಾಂಶದ ಕೊರತೆ, ಇಲ್ಲವೇ ವಂಶವಾಹಿಯಾಗಿ ಬರುವ ಥಲಸ್ಸೀಮಿಯಾ ಗುಣ. ಇವೆರಡನ್ನು ಮೇಲ್ನೋಟಕ್ಕೆ ಬೇರ್ಪಡಿಸಲು ಸುಲಭದ ಭಾಗಾಕಾರವೊಂದಿದೆ. ಎಂಸಿವಿಯನ್ನು ಕೆಂಪು ಕಣಗಳ ಎಣಿಕೆಯಿಂದ (ದಶಲಕ್ಷದ ಲೆಕ್ಕದಲ್ಲಿ) ಭಾಗಿಸಬೇಕು. ಇವರ ಎಣಿಕೆ 3.9, ಹಾಗಾಗಿ 74 ÷ 3.9 = 19. ಉತ್ತರ 13ಕ್ಕಿಂತ ಕಡಿಮೆ ಬಂದಿದ್ದರೆ ಥಲಸ್ಸೀಮಿಯಾ ಕಡೆಗೆ ಅನುಮಾನ ಹೋಗಬೇಕಿತ್ತು. ಇದು ಬರೀ ಸುಳಿವು. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಅನುಮಾನ ಉಳಿದರೆ ಹಿಮೋಗ್ಲೋಬಿನ್ ವಿಧಗಳನ್ನು ಗುರುತಿಸುವ ಪರೀಕ್ಷೆಯನ್ನೇ ಮಾಡಿಸಬೇಕು.

ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್. ಇವರದ್ದು ಲೀಟರಿಗೆ 9 ಮೈಕ್ರೋಗ್ರಾಂ. 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಬರಿದಾಗಿದೆ ಎಂದೇ ಅರ್ಥ. ಹಲವು ವೈದ್ಯರು ಗರ್ಭಿಣಿಯರಲ್ಲಿ 30ಕ್ಕಿಂತ ಕೆಳಗಿದ್ದರೂ ಕೊರತೆ ಎಂದೇ ಎಣಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆಗ ಅದು 40 ಬಂದರೂ ಉಗ್ರಾಣ ತುಂಬಿದೆ ಎಂದು ನಂಬುವಂತಿಲ್ಲ. ಕಡಿಮೆ ಬಂದರೆ ನಂಬಬಹುದು. ಇನ್ನು ಎಂಸಿವಿ ಸರಿಯಾಗಿದ್ದೂ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಬಿ12 ಕೊರತೆಯನ್ನು ಮರೆಯಬಾರದು. ಕಬ್ಬಿಣದ ಕೊರತೆ ಕಣವನ್ನು ಚಿಕ್ಕದು ಮಾಡುತ್ತದೆ, ಬಿ12 ಕೊರತೆ ದೊಡ್ಡದು ಮಾಡುತ್ತದೆ. ಎರಡೂ ಸೇರಿದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ.

ತೂಕದ ವಿಷಯ. ಬಸಿರಿಗೆ ಮುಂಚಿನ ಬಿಎಂಐ 19.6, ಅಂದರೆ ಸಾಮಾನ್ಯ ಮಿತಿಯ ಕೆಳ ಅಂಚು. ಈ ಬಿಎಂಐ ಇರುವವರು 22ನೇ ವಾರಕ್ಕೆ ಕನಿಷ್ಠ ಮೂರೂವರೆ ಕಿಲೋ ಏರಿರಬೇಕಿತ್ತು. ಇವರು ಮೂರು ಏರಿದ್ದಾರೆ. ತೋಳಿನ ಸುತ್ತಳತೆಯೂ 23ಕ್ಕಿಂತ ಕಡಿಮೆ. ಕೊರತೆ ಇರುವುದು ಕಬ್ಬಿಣಾಂಶ ಒಂದರಲ್ಲೇ ಅಲ್ಲ, ಒಟ್ಟು ಊಟವೇ ಸಾಲುತ್ತಿಲ್ಲ ಎಂಬ ಸೂಚನೆ ಇದು.

ಏನು ತಿಂದಿರಿ ಎನ್ನುವುದರ ಜೊತೆಗೆ, ಯಾವಾಗ

ಆಹಾರ ವಿಚಾರಿಸುವಾಗ “ಸೊಪ್ಪು ತಿನ್ನುತ್ತೀರಾ?” ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿಸಬೇಕು, ಪಕ್ಕದಲ್ಲಿ ಹೊತ್ತು ಬರೆದುಕೊಳ್ಳಬೇಕು. ಅಳತೆಗೆ ನಿಜವಾದ ಲೋಟ, ಬಟ್ಟಲು, ಸೌಟು ಎದುರಿಗಿಟ್ಟು ತೋರಿಸಿದರೆ ಒಳ್ಳೆಯದು. ಒಂದು ಬಟ್ಟಲು ಬೇಳೆ ಎಂದು ಒಬ್ಬರು ಹೇಳಿದ್ದು 60 ಗ್ರಾಂ ಇರಬಹುದು, ಇನ್ನೊಬ್ಬರದ್ದು 150 ಗ್ರಾಂ. ಬೇಳೆ ಗಟ್ಟಿಯೋ, ನೀರಾಗಿತ್ತೋ ಎಂದೂ ಕೇಳಬೇಕು.

ಇವರ ಹಿಂದಿನ ದಿನ ಹೀಗಿತ್ತು. ಬೆಳಿಗ್ಗೆ ಆರೂವರೆಗೆ ಹಾಲು ಹಾಕಿದ ಚಹಾ. ಎಂಟೂವರೆಗೆ ಗೋಧಿಯ ತಿಂಡಿ, ತಿಂದ ಕೂಡಲೇ ಮತ್ತೆ ಚಹಾ. ಒಂದು ಗಂಟೆಗೆ ಎರಡು ಬಟ್ಟಲು ಅನ್ನ, ಅರ್ಧ ಬಟ್ಟಲು ಬೇಳೆ, ಸ್ವಲ್ಪ ತರಕಾರಿ, ಊಟ ಮುಗಿಸಿ ಚಹಾ. ನಾಲ್ಕೂವರೆಗೆ ಚಹಾ, ಬಿಸ್ಕತ್ತು. ರಾತ್ರಿ ಎಂಟೂವರೆಗೆ ಅನ್ನ, ನೀರಾದ ಬೇಳೆ, ಮೊಸರು. ಹತ್ತಕ್ಕೆ ಒಂದು ಲೋಟ ಹಾಲು, ಜೊತೆಗೆ ಈಗಾಗಲೇ ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ. ಮೊಟ್ಟೆ, ಮಾಂಸ ತಿಂಗಳಿಗೆ ಒಂದೆರಡು ಸಲ. ಹಣ್ಣು ಮನೆಗೆ ಬಂದಾಗ.

ಒಂದು ದಿನದ ಊಟದಿಂದ ಎಲ್ಲ ತಿಳಿಯುವುದಿಲ್ಲ. ಆದ್ದರಿಂದ ವಾರದಲ್ಲಿ ಎಷ್ಟು ಸಲ ಬೇಳೆಕಾಳು, ಸೊಪ್ಪು, ಮೊಟ್ಟೆ, ಮಾಂಸ, ಮೀನು, ಹುಳಿಹಣ್ಣು ಎಂದು ಬೇರೆಯಾಗಿ ಕೇಳಬೇಕು. ಇನ್ನೊಂದು ಪ್ರಶ್ನೆಯನ್ನು ಸಂಕೋಚವಾಗದಂತೆ ಕೇಳಲೇಬೇಕು: ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಮಂಜುಗಡ್ಡೆ ತಿನ್ನಬೇಕೆನಿಸುತ್ತದೆಯೇ? ಕಬ್ಬಿಣಾಂಶ ಕಡಿಮೆಯಾದವರಲ್ಲಿ ಈ ಬಯಕೆ ಕಾಣಿಸುವುದುಂಟು. ಮಣ್ಣು ತಿಂದರೆ ಕಬ್ಬಿಣ ಹೀರುವುದಕ್ಕೆ ಅಡ್ಡಿ, ಹೊಟ್ಟೆಗೆ ಹುಳುವೂ ಸೇರಬಹುದು. “ಬಸಿರಿನಲ್ಲಿ ಹಲವರಿಗೆ ಹೀಗನಿಸುತ್ತದೆ, ನಿಮಗೂ ಅನಿಸಿದೆಯೇ?” ಎಂದು ಕೇಳಿದರೆ ಉತ್ತರ ಬರುತ್ತದೆ. “ಮಣ್ಣು ತಿನ್ನುತ್ತೀರಾ?” ಎಂದರೆ ಬರುವುದಿಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿತ್ತೇ, ಮೂಲವ್ಯಾಧಿ ಇದೆಯೇ, ಹಿಂದಿನ ಹೆರಿಗೆಗೂ ಇದಕ್ಕೂ ಅಂತರ ಎಷ್ಟು, ಎದೆಯುರಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದೂ ಇದೇ ಮಾತುಕತೆಯಲ್ಲಿ ಬಂದುಬಿಡಬೇಕು.

ಈಗ ಲೆಕ್ಕ. ಅರ್ಧ ಬಟ್ಟಲು, ಅಂದರೆ ಸುಮಾರು 100 ಗ್ರಾಂ ಬೆಂದ ಗಟ್ಟಿ ಮಸೂರ ಬೇಳೆಯಲ್ಲಿ 3 ಮಿಲಿಗ್ರಾಂ ಚಿಲ್ಲರೆ ಕಬ್ಬಿಣ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನದಲ್ಲಿ ಬಹಳ ಕಡಿಮೆ. ಹಾಲು, ಮೊಸರಿನಲ್ಲಿ ಇಲ್ಲವೆಂದೇ ಹೇಳಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 1. ಇವರ ಇಡೀ ದಿನ ಕೂಡಿದರೆ ಸುಮಾರು 10 ಮಿಲಿಗ್ರಾಂ ಆಗುತ್ತದೆ. ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಬೇಕೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜು.

ಆದರೆ ತಟ್ಟೆಯಲ್ಲಿರುವುದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಮಾಂಸ, ಮೀನಿನಲ್ಲಿರುವ ಹೀಮ್ ಕಬ್ಬಿಣದಲ್ಲಿ ಕಾಲುಭಾಗದಷ್ಟು ಒಳಸೇರುತ್ತದೆ, ಜೊತೆಗೆ ಏನು ತಿಂದರು ಎಂಬುದರಿಂದ ಅದಕ್ಕೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಧಾನ್ಯ, ಬೇಳೆ, ಸೊಪ್ಪಿನ ಕಬ್ಬಿಣ ಹಾಗಲ್ಲ. ಅದು ಬಹುಮಟ್ಟಿಗೆ ಜೊತೆಗಾರರ ಮೇಲೆ ನಿಂತಿದೆ. ಚಹಾ, ಕಾಫಿಯ ಒಗರು ಅಂಶ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಕಾಳು, ಧಾನ್ಯಗಳ ಹೊಟ್ಟಿನಲ್ಲಿರುವ ಫೈಟೇಟ್ ಮಾಡುವುದೂ ಅದನ್ನೇ, ಆದರೆ ನೆನೆಸಿದರೆ, ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಅದರ ಬಲ ಕುಗ್ಗುತ್ತದೆ. ಸಿ ಜೀವಸತ್ವ ಇದಕ್ಕೆಲ್ಲ ಎದುರಾಗಿ ಕೆಲಸ ಮಾಡುತ್ತದೆ, ಅದೇ ತುತ್ತಿನ ಜೊತೆ ಹೊಟ್ಟೆ ಸೇರಿದರೆ ಮಾತ್ರ. ಬೆಳಿಗ್ಗೆ ತಿಂದ ಕಿತ್ತಳೆ ಮಧ್ಯಾಹ್ನದ ಬೇಳೆಗೆ ನೆರವಾಗುವುದಿಲ್ಲ. ಬೇಯಿಸುವಾಗಲೇ ನಿಂಬೆರಸ ಹಾಕಿದರೆ ಸಿ ಜೀವಸತ್ವ ಸಾಕಷ್ಟು ಹಾಳಾಗುತ್ತದೆ, ಬಡಿಸಿದ ಮೇಲೆ ಹಿಂಡಬೇಕು. ಸೊಪ್ಪನ್ನೇ ನಂಬಿಕೊಂಡವರಿಗೆ ಒಂದು ಮಾತು: ಸೊಪ್ಪು ಒಳ್ಳೆಯದು, ಫೋಲೇಟ್ ಅದರಲ್ಲಿ ಚೆನ್ನಾಗಿರುತ್ತದೆ, ಆದರೆ ಪಾಲಕಿನಂಥ ಸೊಪ್ಪಿನ ಕಬ್ಬಿಣ ಹೀರಿಕೊಳ್ಳುವುದು ಬಹಳ ಕಡಿಮೆ. ಗಟ್ಟಿ ಬೇಳೆ, ಕಾಳಿನ ಮೇಲೆ ಹೆಚ್ಚು ಭರವಸೆ ಇಡಬಹುದು.

ಪಟ್ಟಿಯಲ್ಲಿ ಹೊತ್ತು ಬರೆದದ್ದರ ಲಾಭ ಇಲ್ಲಿ ಕಾಣುತ್ತದೆ. ಇವರು ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಾರೆ. ಅದರಲ್ಲಿ ತೊಂದರೆ ಕೊಡುವುದು ಎರಡೇ, ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಅಂಟಿಕೊಂಡಿರುವ ಎರಡು. ಚಹಾವನ್ನೇ ಬಿಡಿ ಎನ್ನಬೇಕಾಗಿಲ್ಲ. ಆ ಎರಡನ್ನು ಕನಿಷ್ಠ ಒಂದು ಗಂಟೆ ಆಚೆ ಸರಿಸಿ ಎಂದರೆ ಸಾಕು. ಚಹಾ ಬಿಡಿ ಎಂದರೆ ಬಿಡುವವರು ಕಡಿಮೆ, ಸರಿಸಿ ಎಂದರೆ ಸರಿಸುವವರು ಹೆಚ್ಚು.

ಊಟ ಒಂದರಿಂದಲೇ ಆಗದು, ಏಕೆಂದರೆ

ಕೊರತೆ ಎಷ್ಟೆಂದು ಮಿಲಿಗ್ರಾಂನಲ್ಲಿ ಅಳೆದು ನೋಡಿದರೆ ಮಾತ್ರೆ ಏಕೆ ಬೇಕೇಬೇಕು ಎಂಬುದು ಸ್ಪಷ್ಟವಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ನಿನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದೇಹದಲ್ಲಿ 5 ಲೀಟರ್ ರಕ್ತ ಇದೆ ಎಂದುಕೊಳ್ಳಿ. ಡೆಸಿಲೀಟರಿಗೆ 1 ಗ್ರಾಂ ಏರಬೇಕೆಂದರೆ ಒಟ್ಟು 50 ಗ್ರಾಂ ಹೊಸ ಹಿಮೋಗ್ಲೋಬಿನ್ ಬೇಕು. ಅದಕ್ಕೆ ತಗಲುವ ಕಬ್ಬಿಣ ಸುಮಾರು 170 ಮಿಲಿಗ್ರಾಂ. 9.2ರಿಂದ 11ಕ್ಕೆ ಹೋಗಲು 300 ಮಿಲಿಗ್ರಾಂ ಬೇಕು. ಖಾಲಿಯಾದ ಉಗ್ರಾಣ ತುಂಬುವುದು, ಮಗು ಮತ್ತು ಮಾಸಿಗೆ ಹೋಗುವುದು ಇದಕ್ಕೆ ಹೊರತು.

ಇವರ ಈಗಿನ ಊಟದಿಂದ 10 ಮಿಲಿಗ್ರಾಂನಲ್ಲಿ ನೂರಕ್ಕೆ 5ರಷ್ಟು ಹೀರಿಕೊಂಡರೂ ಸಿಗುವುದು ದಿನಕ್ಕೆ ಅರ್ಧ ಮಿಲಿಗ್ರಾಂ. ಬೇಳೆ ಗಟ್ಟಿಯಾಗಿಸಿ, ಕಾಳು ಸೇರಿಸಿ, ನಿಂಬೆ ಹಿಂಡಿ, ಚಹಾ ಸರಿಸಿದ ಮೇಲೆ ಊಟದ ಕಬ್ಬಿಣ 15ಕ್ಕೆ, ಹೀರಿಕೆ ನೂರಕ್ಕೆ 10ಕ್ಕೆ ಏರಿತು ಎನ್ನೋಣ, ಆಗ ಒಂದೂವರೆ ಮಿಲಿಗ್ರಾಂ. ಮೂರು ಪಟ್ಟು ಸುಧಾರಣೆ, ನಿಜ. ಆದರೂ ಹೆಚ್ಚಾದದ್ದು ದಿನಕ್ಕೆ 1 ಮಿಲಿಗ್ರಾಂ. ಬೇಕಾದ 300ಕ್ಕೆ 300 ದಿನ ಹಿಡಿಯುತ್ತದೆ, ಹೆರಿಗೆಗೆ ಉಳಿದಿರುವುದು ಸುಮಾರು 126 ದಿನ. ಇವೆಲ್ಲ ಅಂದಾಜಿನ ಅಂಕಿಗಳು. ಕೊರತೆ ಇರುವ ದೇಹ ಹೆಚ್ಚು ಹೀರಿಕೊಳ್ಳುವುದರಿಂದ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಆದರೆ ತೀರ್ಮಾನ ಬದಲಾಗುವುದಿಲ್ಲ. ಕೊರತೆ ತೀರಿಸುವುದು ಮಾತ್ರೆ, ತೀರಿದ್ದನ್ನು ಉಳಿಸಿಕೊಳ್ಳುವುದು ಊಟ.

ಆಹಾರದಲ್ಲಿ ಒಂದೇ ವಸ್ತುವಿಗೆ ಎಚ್ಚರಿಕೆ ಹೇಳಬೇಕು. ಪ್ರಾಣಿಗಳ ಯಕೃತ್ತಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಎ ಜೀವಸತ್ವ ವಿಪರೀತ ಇರುತ್ತದೆ, ಅದು ಭ್ರೂಣಕ್ಕೆ ಹಾನಿ ಮಾಡಬಲ್ಲದು. ರಕ್ತ ಏರಲೆಂದು ಬಸಿರಿನಲ್ಲಿ ಅದನ್ನು ತಿನ್ನಿಸುವುದು ಬೇಡ.

ಮಾತ್ರೆಯ ಮೇಲಿನ ಅಂಕಿ

ಮಾತ್ರೆಯ ಹಾಳೆಯ ಮೇಲೆ ಬರೆದ ಅಂಕಿ ಹಲವು ಸಲ ಲವಣದ ತೂಕ, ಕಬ್ಬಿಣದ್ದಲ್ಲ. 300 ಮಿಲಿಗ್ರಾಂ ಫೆರಸ್ ಸಲ್ಫೇಟ್, 180 ಮಿಲಿಗ್ರಾಂ ಫೆರಸ್ ಫ್ಯೂಮರೇಟ್, 500 ಮಿಲಿಗ್ರಾಂ ಫೆರಸ್ ಗ್ಲುಕೊನೇಟ್, ಈ ಮೂರರಲ್ಲೂ ಇರುವ ಶುದ್ಧ ಕಬ್ಬಿಣ ಒಂದೇ, 60 ಮಿಲಿಗ್ರಾಂ. ಟಿಪ್ಪಣಿಯಲ್ಲಿ “ಕಬ್ಬಿಣದ ಮಾತ್ರೆ 1” ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಶುದ್ಧ ಕಬ್ಬಿಣ ಎಷ್ಟು ಮಿಲಿಗ್ರಾಂ ಎಂದೇ ಬರೆಯಬೇಕು.

ರಕ್ತಹೀನತೆ ಇಲ್ಲದ ಗರ್ಭಿಣಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 30ರಿಂದ 60 ಮಿಲಿಗ್ರಾಂ ಶುದ್ಧ ಕಬ್ಬಿಣ, ಜೊತೆಗೆ 0.4 ಮಿಲಿಗ್ರಾಂ ಫೋಲಿಕ್ ಆಮ್ಲ. ರಕ್ತಹೀನತೆ ಇದ್ದರೆ ಹಿಮೋಗ್ಲೋಬಿನ್ ಸರಿಹೋಗುವವರೆಗೆ ದಿನಕ್ಕೆ 120. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ ಚಿಕಿತ್ಸೆಗೂ ದಿನಕ್ಕೆ 40ರಿಂದ 80 ಸಾಕು ಎನ್ನುತ್ತದೆ. ಈ ಭಿನ್ನತೆಗೆ ಕಾರಣವಿದೆ. ದೊಡ್ಡ ಪ್ರಮಾಣದ ಕಬ್ಬಿಣ ಒಳಹೋದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚಿದಂತೆ ಮಾಡುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿದವರಿಗೆ ರಾತ್ರಿಯ ಮಾತ್ರೆಯಿಂದ ಸಿಗುವುದು ಕಡಿಮೆ, ಹೀರದೆ ಉಳಿದ ಕಬ್ಬಿಣ ಮಲಬದ್ಧತೆ, ವಾಕರಿಕೆಗೆ ದಾರಿ. ಎಷ್ಟು ಕೊಡಬೇಕೆಂಬುದು ವೈದ್ಯರ ನಿರ್ಧಾರ. ನುಂಗಲಾರದ 120ಕ್ಕಿಂತ ತಪ್ಪದೆ ನುಂಗುವ 60 ಮೇಲು ಎಂಬುದನ್ನು ಆ ನಿರ್ಧಾರದಲ್ಲಿ ಮರೆಯಬಾರದು.

ನಮ್ಮ ಉದಾಹರಣೆಯಲ್ಲಿ ವೈದ್ಯರು 60 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಎರಡರಂತೆ ನಾಲ್ಕು ವಾರಕ್ಕೆ 56 ಬರೆದರು. “ಬೆಳಿಗ್ಗೆ ಒಂದು, ರಾತ್ರಿ ಒಂದು” ಎಂದು ಹೇಳಿ ಕಳಿಸಲಾಯಿತು. ಎಡವಿದ್ದು ಇಲ್ಲೇ. ಬೆಳಿಗ್ಗೆ ಯಾವುದರ ಜೊತೆ, ರಾತ್ರಿ ಯಾವುದರ ಜೊತೆ ಎಂದು ಯಾರೂ ಹೇಳಲಿಲ್ಲ.

ನಾಲ್ಕು ವಾರದ ನಂತರ

26ನೇ ವಾರದಲ್ಲಿ ಹಿಮೋಗ್ಲೋಬಿನ್ 9.4. ಸರಿಯಾಗಿ ನುಂಗಿ, ಸರಿಯಾಗಿ ಹೀರಿಕೊಂಡಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ 1 ಗ್ರಾಂನಷ್ಟು ಏರಬೇಕಿತ್ತು. ಬಸಿರು ಮುಂದುವರಿದಂತೆ ಪ್ಲಾಸ್ಮಾ ಇನ್ನೂ ಹೆಚ್ಚುವುದರಿಂದ ಏರಿಕೆ ಸ್ವಲ್ಪ ಮರೆಯಾಗಬಹುದು, ಆದರೆ 0.2 ತೀರಾ ಕಡಿಮೆ. ಎರಡೂ ಪರೀಕ್ಷೆ ಒಂದೇ ವಿಧಾನದಲ್ಲಿ ಆಗಿವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಬೆರಳು ಚುಚ್ಚಿ ಹಿಂಡಿ ತೆಗೆದ ಹನಿಯಲ್ಲಿ ಚರ್ಮದಡಿಯ ನೀರೂ ಸೇರಿ ಅಂಕಿ ತಗ್ಗುತ್ತದೆ, ಅದನ್ನು ರಕ್ತನಾಳದಿಂದ ತೆಗೆದ ಮಾದರಿಯ ಜೊತೆ ಹೋಲಿಸುವಂತಿಲ್ಲ.

ಇಲ್ಲಿ ಪ್ರಮಾಣ ಹೆಚ್ಚಿಸುವುದು ಆತುರದ ಕೆಲಸವಾಗುತ್ತಿತ್ತು. ಮೊದಲು ಉಳಿದ ಮಾತ್ರೆ ಎಣಿಸಬೇಕು. ಇವರ ಬಳಿ 31 ಉಳಿದಿದ್ದವು. ಅಂದರೆ 28 ದಿನದಲ್ಲಿ ನುಂಗಿದ್ದು 25. “ಮಾತ್ರೆ ತೆಗೆದುಕೊಂಡಿರಾ?” ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರ ಬರುತ್ತದೆ. “ಕಳೆದ ವಾರ ಎಷ್ಟು ದಿನ ತಪ್ಪಿತು, ಯಾವ ಹೊತ್ತಿನದು?” ಎಂದು ಕೇಳಿದಾಗ ನಿಜ ಹೊರಬಂತು. ಬೆಳಗಿನ ಮಾತ್ರೆ ಚಹಾದ ಜೊತೆ ನುಂಗಿದರೆ ವಾಕರಿಕೆ, ಹಾಗಾಗಿ ಮೊದಲ ವಾರದಲ್ಲೇ ಬಿಟ್ಟಿದ್ದರು. ರಾತ್ರಿಯದನ್ನು ಹೆಚ್ಚು ಕಡಿಮೆ ತೆಗೆದುಕೊಂಡಿದ್ದರು, ಆದರೆ ಹತ್ತು ಗಂಟೆಯ ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡಿಪಡಿಸುತ್ತದೆ. ನುಂಗಿದ್ದು ಅರ್ಧಕ್ಕಿಂತ ಕಡಿಮೆ, ಅದೂ ತಪ್ಪು ಹೊತ್ತಿನಲ್ಲಿ. ಮಲ ಕಪ್ಪಾಗಿದೆ ಎಂದು ಹೆದರಿ ಕೆಲವು ದಿನ ನಿಲ್ಲಿಸಿದ್ದೂ ಉಂಟು. ಕಬ್ಬಿಣ ತೆಗೆದುಕೊಂಡಾಗ ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿಡಬೇಕಿತ್ತು. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ಒಳಗೆ ರಕ್ತ ಹೋಗುತ್ತಿರುವ ಲಕ್ಷಣ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವೈದ್ಯರ ಜೊತೆ ಮಾತಾಡಿ ದಿನಕ್ಕೆ ಒಂದೇ ಮಾತ್ರೆ, 60 ಮಿಲಿಗ್ರಾಂ ಎಂದು ನಿಗದಿ ಮಾಡಲಾಯಿತು. ಹೊತ್ತು ಬೆಳಿಗ್ಗೆ ಹನ್ನೊಂದು, ತಿಂಡಿಯಾಗಿ ಎರಡೂವರೆ ಗಂಟೆ, ಊಟಕ್ಕೆ ಎರಡು ಗಂಟೆ. ನೀರು ಅಥವಾ ನಿಂಬೆ ಪಾನಕದ ಜೊತೆ. ತಿಂಡಿಯ ನಂತರದ ಚಹಾ ಒಂಬತ್ತೂವರೆಗೆ, ಮಧ್ಯಾಹ್ನದ್ದು ನಾಲ್ಕೂವರೆಯ ಚಹಾದಲ್ಲೇ ಸೇರಿತು. ಕ್ಯಾಲ್ಸಿಯಂ ರಾತ್ರಿಯೇ ಇರಲಿ. ಕೊಟ್ಟ ಟಿಪ್ಪಣಿ ಹೀಗಿತ್ತು:

> 26 ವಾರ. ಹಿಮೋಗ್ಲೋಬಿನ್ 9.4 (ಹಿಂದೆ 9.2), ರಕ್ತನಾಳದ ಮಾದರಿ. ತೂಕ 51.5 ಕಿಲೋ. 56 ಮಾತ್ರೆಯಲ್ಲಿ 25 ನುಂಗಿದ್ದಾರೆ. ಬೆಳಗಿನದು ವಾಕರಿಕೆಯಿಂದ ಬಿಟ್ಟದ್ದು, ರಾತ್ರಿಯದು ಹಾಲು, ಕ್ಯಾಲ್ಸಿಯಂ ಜೊತೆ.
> ಸಮಸ್ಯೆ: ಕಬ್ಬಿಣ ದೇಹಕ್ಕೆ ಸೇರುತ್ತಿಲ್ಲ. ಕಾರಣ: ಮಾತ್ರೆಯ ಹೊತ್ತು, ಅಡ್ಡಪರಿಣಾಮ. ಚಿಕಿತ್ಸೆ ವಿಫಲ ಎಂದು ಈಗಲೇ ಎಣಿಸುವಂತಿಲ್ಲ.
> ಬದಲಾವಣೆ: 60 ಮಿಗ್ರಾಂ ಶುದ್ಧ ಕಬ್ಬಿಣ ದಿನಕ್ಕೆ ಒಮ್ಮೆ, 11 ಗಂಟೆಗೆ. ಗಟ್ಟಿ ಬೇಳೆ ಅಥವಾ ಕಾಳು ದಿನಕ್ಕೆ ಎರಡು ಸಲ, ತಲಾ 1 ಬಟ್ಟಲು, ಬಡಿಸಿದ ಮೇಲೆ ನಿಂಬೆ. ಸಂಜೆ ಬಿಸ್ಕತ್ತಿನ ಬದಲು ಕಾಳು ಅಥವಾ ಮೊಟ್ಟೆ.
> 2 ವಾರದಲ್ಲಿ ಹಿಮೋಗ್ಲೋಬಿನ್, ಮಾತ್ರೆ ಎಣಿಕೆ. 12ಕ್ಕಿಂತ ಹೆಚ್ಚು ನುಂಗಿಯೂ ಏರದಿದ್ದರೆ: ಬಿ12, ಹಿಮೋಗ್ಲೋಬಿನ್ ವಿಧ, ಸೋಂಕು, ಹುಳು, ರಕ್ತಸ್ರಾವ ಪರೀಕ್ಷೆಗೆ ವೈದ್ಯರಿಗೆ ಕಳಿಸುವುದು.

ಕೊನೆಯ ಸಾಲಿಗೇ ಹೆಚ್ಚು ಬೆಲೆ. ಮುಂದಿನ ಸಲ ಯಾರೇ ಈ ಹಾಳೆ ತೆರೆದರೂ ಯಾವ ಅಂಕಿ ನೋಡಬೇಕು, ಅದು ಬರದಿದ್ದರೆ ಏನು ಮಾಡಬೇಕು ಎಂಬುದು ಅಲ್ಲೇ ಇದೆ. “ಕಬ್ಬಿಣಾಂಶದ ಆಹಾರದ ಬಗ್ಗೆ ತಿಳಿವಳಿಕೆ ನೀಡಲಾಯಿತು” ಎಂಬ ಒಂದು ಸಾಲಿನ ಟಿಪ್ಪಣಿಯಿಂದ ಇದು ಸಾಧ್ಯವಿಲ್ಲ.

28ನೇ ವಾರದಲ್ಲಿ 14ರಲ್ಲಿ 13 ಮಾತ್ರೆ ಖಾಲಿ, ಹಿಮೋಗ್ಲೋಬಿನ್ 10.1. 32ನೇ ವಾರದಲ್ಲಿ 11.1. ಈ ಹಂತದಲ್ಲಿ ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು. ರಕ್ತ ಸರಿಹೋದರೂ ಉಗ್ರಾಣ ಇನ್ನೂ ಖಾಲಿಯೇ. ಅಂಕಿ ಸರಿಹೋದ ಮೇಲೆ ಮೂರು ತಿಂಗಳು, ಹೆರಿಗೆಯಾದ ಮೇಲೆ ಕನಿಷ್ಠ ಆರು ವಾರ ತುಂಬುವವರೆಗೆ ಮುಂದುವರಿಸಬೇಕು.

ಮಾತ್ರೆಗೆ ಕಾಯಬಾರದ ಸಂದರ್ಭಗಳೂ ಇವೆ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ, ಕುಳಿತಲ್ಲೇ ಏದುಸಿರು, ಎದೆಬಡಿತ, ತಲೆಸುತ್ತಿ ಬೀಳುವುದು ಅಥವಾ ರಕ್ತಸ್ರಾವ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 34 ವಾರ ದಾಟಿದ ಮೇಲೆ ರಕ್ತಹೀನತೆ ತಿಳಿದುಬಂದರೆ ಅಥವಾ ಮಾತ್ರೆ ಹೊಂದದೇ ಹೋದರೆ, ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ.